ಗುಂಯ್ ಅಂದದ್ದು ಯಾವಾಗ?

‘ಮಶೀನ್ ಕೆಟ್ಟಿದೆ, ಬೇಗ ಬನ್ನಿ’ ಎಂಬ ಸಂದೇಶ ಓದಿ ರಿಪೇರಿಯವರು ಬ್ಯಾಗಿಗೆ ಯಾವ ಬಿಡಿಭಾಗ ಹಾಕಿಕೊಳ್ಳಬೇಕು? ಒಮ್ಮೆ ಬಂದು ನೋಡಿ, ಇನ್ನೊಮ್ಮೆ ಭಾಗ ತಂದರೆ ಎರಡು ಸಲ ವಿಸಿಟಿಂಗ್ ಚಾರ್ಜ್. ಫೆಲೋಶಿಪ್ ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ.

ನಾವು ಮೂವರು ಸಂಶೋಧನಾ ವಿದ್ಯಾರ್ಥಿನಿಯರು ಹಂಚಿಕೊಂಡಿರುವ ವಾಷಿಂಗ್ ಮಶೀನ್ ಕಳೆದ ತಿಂಗಳು ಅರ್ಧಕ್ಕೇ ನಿಂತಿತು. ‘ಡ್ರಮ್ ತಿರುಗ್ತಿಲ್ಲ ಅಂತ ಬರಿ’ ಎಂದಳು ಗೆಳತಿ. ಅವಳು ಹೇಳಿದ್ದು ನಿಜ. ಆದರೆ ಒಳಗೆ ನೀರು ಉಳಿದಿದ್ದರೆ ಮಶೀನ್ ಬಟ್ಟೆ ಹಿಂಡುವುದಕ್ಕೆ ಶುರುಮಾಡುವುದೇ ಇಲ್ಲ. ತಿರುಗದಿರುವುದು ಪರಿಣಾಮ ಮಾತ್ರ. ಅಷ್ಟನ್ನೇ ಬರೆದರೆ ಓದಿದವರ ಯೋಚನೆ ಬೆಲ್ಟ್, ಮೋಟಾರಿನ ಕಡೆ ಹೋಗುತ್ತದೆ. ಹಾಗಾಗಿ ಗಡಿಯಾರ ನೋಡುತ್ತ, ಬರೀ ಹಿಂಡುವ ಪ್ರೋಗ್ರಾಂ ಹಾಕಿ, ಪಕ್ಕದಲ್ಲೇ ಕೂತು ಕೇಳಿಸಿಕೊಂಡು ಬರೆದೆ:

‘ನಮಸ್ಕಾರ ಸರ್. ಫ್ರಂಟ್ ಲೋಡ್, 7 ಕೆಜಿ, 6 ವರ್ಷ ಹಳೇದು. ಮಾಡೆಲ್ ನಂಬರಿನ ಸ್ಟಿಕ್ಕರ್ ಫೋಟೋ ಕಳಿಸಿದೀನಿ. ನೀರು ತುಂಬೋದು, ಒಗೆಯೋದು ಸರಿಯಾಗಿದೆ. ನೀರು ಹೊರಗೆ ಹೋಗೋ ಹೊತ್ತಿಗೆ ಮಾತ್ರ ಕೆಳಗಡೆ ಗುಂಯ್ ಅನ್ನುತ್ತೆ, ನಡುನಡುವೆ ಕಟಕಟ ಸದ್ದು. ಪೈಪಿನಲ್ಲಿ ನೀರು ಹನಿಹನಿಯಾಗಿ ಬರುತ್ತೆ. ಸುಮಾರು 8 ನಿಮಿಷಕ್ಕೆ OE ಅಂತ ತೋರಿಸಿ ನಿಲ್ಲುತ್ತೆ. ಬರೀ ಹಿಂಡೋಕೆ ಹಾಕಿದರೂ ಹೀಗೇ. ಪೈಪ್ ಎಲ್ಲೂ ಮಡಚಿಲ್ಲ. ಡ್ರಮ್ಮಿನಲ್ಲಿ ಇನ್ನೂ ನೀರಿದೆ. ಸದ್ದಿನ ವಿಡಿಯೋ ಜೊತೆಗಿದೆ.’

ನಮ್ಮ ಮಶೀನಿನಲ್ಲಿ OE ಎಂದರೆ ನಿಗದಿತ ಸಮಯದೊಳಗೆ ನೀರು ಖಾಲಿಯಾಗಲಿಲ್ಲ ಎಂದಷ್ಟೇ. ಪೈಪ್ ಕಟ್ಟಿದರೂ, ಫಿಲ್ಟರ್ ತುಂಬಿದರೂ, ಪಂಪ್ ಸುಟ್ಟರೂ ಅದೇ ಎರಡಕ್ಷರ. ಅವುಗಳ ನಡುವಿನ ವ್ಯತ್ಯಾಸ ಹೇಳುವುದು ಸದ್ದು. ಪಂಪ್ ಪೂರ್ತಿ ಮೌನವಾಗಿದ್ದರೆ ಅದಕ್ಕೆ ಕರೆಂಟ್ ತಲುಪುತ್ತಿಲ್ಲ, ಇಲ್ಲವೇ ಅದು ಸುಟ್ಟಿದೆ. ಗುಂಯ್ ಎಂದರೆ ಕರೆಂಟ್ ಬರುತ್ತಿದೆ, ಕೆಲಸ ಮಾತ್ರ ಸಾಗುತ್ತಿಲ್ಲ. ಕಟಕಟ ಎಂದರೆ ಗಟ್ಟಿಯಾದದ್ದೇನೋ ರೆಕ್ಕೆಗೆ ಬಡಿಯುತ್ತಿದೆ. ಇದೇ ಮಶೀನ್ ಹಿಂಡುವಾಗ, ವೇಗ ಏರಿದಂತೆಲ್ಲ ಗರ್ರೆಂದು ಜೋರಾಗಿದ್ದರೆ ಅನುಮಾನ ಬೇರಿಂಗ್ ಮೇಲೆ ಹೋಗುತ್ತಿತ್ತು. ಆದ್ದರಿಂದ ಎಂಥ ಸದ್ದು ಎನ್ನುವಷ್ಟೇ ಮುಖ್ಯ ಅದು ಯಾವ ಹಂತದಲ್ಲಿ ಬಂತು ಎನ್ನುವುದು.

ವ್ಯಾಕರಣದ ತರಗತಿಯಲ್ಲಿ ಅನುಕರಣಾವ್ಯಯಕ್ಕೆ ಕೊಡುವ ಉದಾಹರಣೆಗಳು ಪಟಪಟ, ಧಗಧಗ. ಅಲ್ಲಿ ಅವು ವರ್ಣನೆಯ ಸೊಗಸು. ಇಲ್ಲಿ ‘ವಿಚಿತ್ರ ಶಬ್ದ’ ಎಂದು ಬರೆದಿದ್ದರೆ ಏನೂ ಹೇಳಿದಂತಾಗುತ್ತಿರಲಿಲ್ಲ.

ಹತ್ತು ನಿಮಿಷಕ್ಕೆ ಉತ್ತರ ಬಂತು: ‘ನೀರು ತೆಗೆಯೋ ಪಂಪ್ ಕಡೆದು ಮೇಡಂ. ಒಂದು ಪಂಪ್ ತರ್ತೀನಿ. ಕೆಳಗಿನ ಫಿಲ್ಟರ್ ಮುಚ್ಚಳ ತೆಗೀಬೇಡಿ, ಮನೆಯೆಲ್ಲ ನೀರಾಗುತ್ತೆ.’

ಬಂದವರು ಮೊದಲು ಚಿಕ್ಕ ಪೈಪಿನಿಂದ ನೀರನ್ನು ತಟ್ಟೆಗೆ ಇಳಿಸಿದರು. ಫಿಲ್ಟರ್ ತಿರುಗಿಸಿ ತೆಗೆದಾಗ ನೂಲಿನ ಮುದ್ದೆಯ ಜೊತೆ ಎರಡು ರೂಪಾಯಿ ನಾಣ್ಯ ಸಿಕ್ಕಿತು. ಟಾರ್ಚ್ ಹಾಕಿ ನೋಡಿದರೆ ಪಂಪಿನ ರೆಕ್ಕೆಗೆ ಹೇರ್‌ಪಿನ್ ಸಿಕ್ಕಿಕೊಂಡಿತ್ತು. ತಂದಿದ್ದ ಪಂಪ್ ಬ್ಯಾಗಿನಲ್ಲೇ ಉಳಿಯಿತು.

‘ಪಂಪ್ ಹೋಗಿದೆ, ಬದಲಾಯಿಸಿ ಅಂತ ಬರೆಯೋರೇ ಜಾಸ್ತಿ. ನೀವು ಕೇಳಿಸಿದ್ದನ್ನ ಬರೆದಿದ್ರಿ, ಅದಕ್ಕೇ ಮೊದಲು ಫಿಲ್ಟರ್ ಬಿಚ್ಚಿದೆ’ ಎಂದರು ಅವರು, ಕೈ ಒರೆಸಿಕೊಳ್ಳುತ್ತ.