ಹೊಡೆದುಹಾಕಿದ ಸಾಲುಗಳು

ಹನಿ ನೀರಾವರಿಯ ಸಹಾಯಧನಕ್ಕೆ ಸಂಬಂಧಿಸಿದ ಸುತ್ತೋಲೆಯೊಂದನ್ನು ಊರಿನ ನಮ್ಮವರಿಗೆ ತಿಳಿಯಲೆಂದು ನಾನು ಒಂದು ಪುಟಕ್ಕೆ ಇಳಿಸಿ ಬರೆದುಕೊಟ್ಟಿದ್ದೆ. ಆ ಪುಟದಲ್ಲಿ ಇದ್ದಂತೆಯೇ ನಡೆದುಕೊಂಡ ನಮ್ಮ ಚಿಕ್ಕಪ್ಪನಿಗೆ ಸಹಾಯಧನ ಸಿಗಲಿಲ್ಲ. ಅವರು ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ. ತಪ್ಪಿದ್ದು ನಾನು. ಎಲ್ಲಿ ತಪ್ಪಿದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಓದಿ ಪಟ್ಟಣ ಸೇರಿದ ಮಕ್ಕಳಿರುವ ಪ್ರತಿ ಮನೆಯಲ್ಲೂ ಈ ಕೆಲಸ ಯಾರಾದರೊಬ್ಬರ ಪಾಲಿಗೆ ಬಂದೇ ಬರುತ್ತದೆ.

ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆ 2015ರಲ್ಲಿ ಶುರುವಾಯಿತು. 2021-22ರವರೆಗೆ ಅದರಲ್ಲಿ ಹನಿ ಮತ್ತು ತುಂತುರು ನೀರಾವರಿಗೆ ಒಂದು ಭಾಗವಿತ್ತು. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45. ಕರ್ನಾಟಕ ಸರ್ಕಾರ ತನ್ನ ಪಾಲನ್ನು ಸೇರಿಸಿ, 2 ಹೆಕ್ಟೇರ್‌ವರೆಗೆ, ಅಂದರೆ ಸುಮಾರು ಐದು ಎಕರೆವರೆಗೆ, ಆಗ ಶೇ. 90ರಷ್ಟು ಕೊಡುತ್ತಿತ್ತು. ಅಡಿಕೆ, ತೆಂಗು, ಬಾಳೆ, ತರಕಾರಿಯವರು ಹೋಗಬೇಕಾದದ್ದು ತೋಟಗಾರಿಕೆ ಇಲಾಖೆಗೆ. ರಾಗಿ, ಜೋಳ, ಕಬ್ಬಿನಂಥ ಹೊಲದ ಬೆಳೆಯವರು ಕೃಷಿ ಇಲಾಖೆಗೆ. ಚಿಕ್ಕಪ್ಪನದು ತುಮಕೂರು ಕಡೆಯ ಒಂದೂವರೆ ಎಕರೆ, ಹೊಸದಾಗಿ ಇಟ್ಟ ಅಡಿಕೆ ಸಸಿ, ಒಂದು ಕೊಳವೆಬಾವಿ. ಅವರಿಗೆ ಈ ಯೋಜನೆ ಹೇಳಿ ಮಾಡಿಸಿದಂತಿತ್ತು.

ಸುತ್ತೋಲೆ ಹೇಗಿರುತ್ತದೆ ಎಂಬುದು ನೋಡಿದವರಿಗೆ ಗೊತ್ತು. ಮೊದಲು ವಿಷಯ, ಆಮೇಲೆ ಹಿಂದಿನ ಆದೇಶಗಳ ಉಲ್ಲೇಖ, ಆಮೇಲೆ ಪ್ರಸ್ತಾವನೆ, ಅಷ್ಟೆಲ್ಲ ಆದ ಮೇಲೆ ಆದೇಶ, ಕಡೆಗೆ ಷರತ್ತುಗಳು. ನಾನು ಕುಳಿತು ಪೆನ್ನಿನಿಂದ ಸಾಲು ಹೊಡೆಯುತ್ತಾ ಹೋದೆ. ಉಲ್ಲೇಖ ಬೇಡ, ಪ್ರಸ್ತಾವನೆ ಬೇಡ, ಲೆಕ್ಕಶೀರ್ಷಿಕೆ ಬೇಡ. ಅದು ಸರಿಯೇ. ಆಮೇಲೆ ಷರತ್ತುಗಳಿಗೆ ಬಂದೆ. ಅಲ್ಲಿ ಬಹುಪಾಲು ಸಾಲುಗಳು 'ಪರಿಶೀಲಿಸತಕ್ಕದ್ದು', 'ದೃಢೀಕರಿಸಿಕೊಳ್ಳತಕ್ಕದ್ದು', 'ಕ್ರಮ ವಹಿಸುವುದು' ಎಂದು ಮುಗಿಯುತ್ತಿದ್ದವು. ಇವು ತಾಲ್ಲೂಕಿನ ಅಧಿಕಾರಿಗಳಿಗೆ ಮೇಲಿನವರು ಕೊಟ್ಟ ಸೂಚನೆಗಳು. ರೈತನಿಗೆ ಇವುಗಳಿಂದ ಏನಾಗಬೇಕು ಎಂದುಕೊಂಡು ಅವನ್ನೂ ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಇಷ್ಟು: ಅರ್ಜಿ ಕೊಡಿ. ಪೈಪು ಹಾಕಿಸಿ. ಬಿಲ್ಲು ಕೊಡಿ. ನೂರಕ್ಕೆ ತೊಂಬತ್ತು ರೂಪಾಯಿ ನಿಮ್ಮ ಖಾತೆಗೆ ಬರುತ್ತದೆ. ಕೆಳಗೆ ಬೇಕಾದ ಕಾಗದಗಳ ಹೆಸರು. ಓದಿದವರೆಲ್ಲ ಎಷ್ಟು ಸಲೀಸಾಗಿದೆ ಎಂದರು. ನನಗೂ ಹಾಗೇ ಅನ್ನಿಸಿತ್ತು.

ಚಿಕ್ಕಪ್ಪ ಅರ್ಜಿ ಕೊಟ್ಟರು, ಸ್ವೀಕೃತಿ ಚೀಟಿ ತಂದರು. ಎರಡನೆಯ ಸಾಲಿನಲ್ಲಿ ಇದ್ದದ್ದು ಪೈಪು ಹಾಕಿಸುವುದು. ಬೇಸಿಗೆ ಕಾಯುತ್ತಿತ್ತು, ಸಸಿಗಳು ಎಳೆಯವು, ಅಂಗಡಿಯಲ್ಲಿ ಮಾಲು ಇತ್ತು. ಫಿಲ್ಟರ್, ಮೇನ್ ಪೈಪು, ಲ್ಯಾಟರಲ್, ಡ್ರಿಪ್ಪರ್ ಎಲ್ಲ ತಂದು, ಸಾಲು ತೋಡಿಸಿ, ಹೂಳಿಸಿ, ನೀರೂ ಬಿಟ್ಟರು. ಆಮೇಲೆ ಇಲಾಖೆಯವರು ಜಮೀನು ನೋಡಲು ಬಂದರು. ಅವರು ಬಂದದ್ದು ಪೈಪು ಹಾಕುವ ಮುಂಚಿನ ಜಮೀನನ್ನು ನೋಡಲು, ಸ್ಥಳದ ಗುರುತು ಬೀಳುವ ಫೋಟೊ ತೆಗೆಯಲು. ಹೊಲದಲ್ಲಿ ಆಗಲೇ ಪೈಪು ಇತ್ತು. ಬಿಲ್ಲಿನ ತಾರೀಖು ಇತ್ತು, ವರ್ಕ್ ಆರ್ಡರ್ ಮಾತ್ರ ಇರಲಿಲ್ಲ. ಬಂದಿದ್ದ ಅಧಿಕಾರಿ ಬೇಸರದಿಂದಲೇ ಹೇಳಿದರಂತೆ, ವರ್ಕ್ ಆರ್ಡರ್ ಬರೋ ಮುಂಚೆ ಹಾಕಿದ್ದಕ್ಕೆ ನಾವು ಕೊಡೋಕಾಗಲ್ಲ ಯಜಮಾನ್ರೇ, ಅಂತ. ಪೈಪು ಕಿತ್ತು ಫೋಟೊ ತೆಗೆಸಿ, ಬಿಲ್ಲಿಗೆ ಬೇರೆ ತಾರೀಖು ಹಾಕಿಸೋಣ ಎಂದು ಸಲಹೆ ಕೊಟ್ಟವರೂ ಇದ್ದರು. ಚಿಕ್ಕಪ್ಪ ಒಪ್ಪಲಿಲ್ಲ. ಫೋನಿನಲ್ಲಿ ನನ್ನನ್ನು ಒಂದೇ ಮಾತು ಕೇಳಿದರು: "ಮುಂಚೆ ಹಾಕ್ಬಾರ್ದು ಅಂತ ಅದ್ರಲ್ಲಿ ಎಲ್ಲೂ ಬರ್ದಿರ್ಲಿಲ್ವಲ್ಲ ಕಣಮ್ಮ?"

ನನ್ನ ಪುಟದಲ್ಲಿ ಬರೆದಿರಲಿಲ್ಲ. ಸುತ್ತೋಲೆಯನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿಯೂ 'ರೈತರು ಮುಂಚೆ ಹಾಕಬಾರದು' ಎಂದು ನೇರವಾಗಿ ಇರಲಿಲ್ಲ. ಇದ್ದದ್ದು, ಕಾರ್ಯಾದೇಶ ನೀಡುವ ಮೊದಲು ಜಮೀನಿನ ಪೂರ್ವ ಪರಿಶೀಲನೆ ನಡೆಸಿ ಛಾಯಾಚಿತ್ರ ಪಡೆಯತಕ್ಕದ್ದು ಎಂಬ ಅರ್ಥದ ಸಾಲು. ಅಧಿಕಾರಿಗೆ ಹೇಳಿದ ಮಾತು ಅದು. ನಾನು ಹೊಡೆದುಹಾಕಿದ ಸಾಲುಗಳಲ್ಲಿ ಅದೂ ಒಂದು.

ಸುತ್ತೋಲೆ ರೈತನಿಗೆ ಬರೆದ ಕಾಗದ ಅಲ್ಲ. ಬೆಂಗಳೂರಿನ ಕಚೇರಿ ತಾಲ್ಲೂಕಿನ ಕಚೇರಿಗೆ ಬರೆದದ್ದು. ಹಾಗಾಗಿ ರೈತ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಅದರಲ್ಲಿ ಅಧಿಕಾರಿಯ ಕೆಲಸದ ವೇಷದಲ್ಲಿರುತ್ತದೆ. ಅದನ್ನು ಸರಳ ಕನ್ನಡಕ್ಕೆ ತರುವುದೆಂದರೆ ಕಷ್ಟದ ಪದ ತೆಗೆದು ಸುಲಭದ ಪದ ಇಡುವುದು ಎಂದು ನಾನು ತಿಳಿದಿದ್ದೆ. ಆ ಸಾಲಿನಲ್ಲಿ ಮಾಡಬೇಕಿದ್ದ ಕೆಲಸ ಅದಾಗಿರಲಿಲ್ಲ. ಅಧಿಕಾರಿ ಈ ಕೆಲಸ ಮಾಡಲು ಬಂದ ದಿನ ರೈತನ ಹೊಲ ಹೇಗಿರಬೇಕು, ಕೈಯಲ್ಲಿ ಯಾವ ಕಾಗದ ಇರಬೇಕು ಎಂದು ಕೇಳಿಕೊಳ್ಳಬೇಕಿತ್ತು. ಹಾಗೆ ಕೇಳಿದ್ದರೆ ಉತ್ತರ ತಾನಾಗಿ ಬರುತ್ತಿತ್ತು: ಹೊಲದಲ್ಲಿ ಪೈಪು ಇರಬಾರದು.

ಆಮೇಲೆ ಇಡೀ ಸುತ್ತೋಲೆಯನ್ನು ಇದೇ ಪ್ರಶ್ನೆ ಹಿಡಿದು ಮತ್ತೆ ಓದಿದೆ. ಇನ್ನೊಂದು ಕಡೆ ನನ್ನ ಪುಟ ಕೆಟ್ಟದಾಗಿ ಸೋತಿತ್ತು. ಶೇ. 90 ಎನ್ನುವುದು ರೈತ ಕೊಟ್ಟ ಹಣದ ಮೇಲಲ್ಲ; ಇಲಾಖೆ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಆ ವೆಚ್ಚ ಬೆಳೆಯ ಅಂತರವನ್ನೂ ಜಮೀನಿನ ಅಳತೆಯನ್ನೂ ಅವಲಂಬಿಸಿದೆ. ತೆಂಗಿನಂಥ ದೂರದೂರದ ಗಿಡಕ್ಕೆ ಪೈಪು ಕಡಿಮೆ ಸಾಕು, ಹಾಗಾಗಿ ಎಕರೆಗೆ ದರವೂ ಕಡಿಮೆ. ಒತ್ತಾಗಿ ಇಡುವ ತರಕಾರಿಗೆ ಹೆಚ್ಚು. ಲೆಕ್ಕಕ್ಕೆ ದುಂಡು ಸಂಖ್ಯೆ ಇಟ್ಟುಕೊಳ್ಳೋಣ. ಅಂಗಡಿಯವರು ಕೊಟ್ಟ ಕೊಟೇಶನ್ 52,000 ರೂಪಾಯಿ. ಅದೇ ಜಮೀನಿಗೆ, ಅದೇ ಅಂತರಕ್ಕೆ ಇಲಾಖೆಯ ವೆಚ್ಚ 40,000. ಸಹಾಯಧನ 40,000ದ ಶೇ. 90, ಅಂದರೆ 36,000. ರೈತನ ಕೈಯಿಂದ ಹೋಗುವುದು 16,000. ನನ್ನ ಪುಟ ಓದಿದವರು 52,000ದ ಹತ್ತನೇ ಒಂದು ಭಾಗ, 5,200 ರೂಪಾಯಿ ಹೊಂದಿಸಿಕೊಂಡರೆ ಸಾಕೆಂದು ತಿಳಿಯುತ್ತಾರೆ. ಉಳಿದ ಹತ್ತು ಸಾವಿರ ಚಿಲ್ಲರೆಗೆ ಬಡ್ಡಿ ಸಾಲವೇ ಗತಿ. 'ನೂರಕ್ಕೆ ತೊಂಬತ್ತು' ಎಂಬ ನನ್ನ ಸಾಲು ಕೇಳಲು ಚೆನ್ನಾಗಿತ್ತು, ಆದರೆ ಯಾವ ನೂರು ಎಂಬುದನ್ನು ಹೇಳಲಿಲ್ಲ. ಈಗ ಶೇಕಡಾವಾರು ಬರೆಯುವುದನ್ನೇ ಬಿಟ್ಟಿದ್ದೇನೆ. ಇಲಾಖೆಯ ದರಪಟ್ಟಿ ಎದುರಿಗಿಟ್ಟುಕೊಂಡು, ಅವರವರ ಎಕರೆ ಗುಂಟೆಗೆ ಲೆಕ್ಕ ಹಾಕಿ, ನಿಮ್ಮ ಕೈಯಿಂದ ಇಷ್ಟು ಹೋಗುತ್ತದೆ ಎಂದು ರೂಪಾಯಿಯಲ್ಲಿ ಬರೆಯುತ್ತೇನೆ. ದರಪಟ್ಟಿ ಸಿಗದಿದ್ದರೆ ಆ ಜಾಗ ಖಾಲಿ ಬಿಟ್ಟು, ಇದನ್ನು ಕಚೇರಿಯಲ್ಲಿ ಕೇಳಿ ತುಂಬಿಸಿಕೊಳ್ಳಿ ಎನ್ನುತ್ತೇನೆ.

'ಅನುದಾನದ ಲಭ್ಯತೆಗೆ ಒಳಪಟ್ಟು' ಎಂಬ ಮಾತನ್ನೂ ನಾನು ಶಿಷ್ಟಾಚಾರದ ಸಾಲೆಂದು ಬಿಟ್ಟಿದ್ದೆ. ಅರ್ಜಿ ಸರಿಯಿದ್ದರೂ ಈ ವರ್ಷದ ದುಡ್ಡು ಮುಗಿದಿದ್ದರೆ ಸಿಗುವುದಿಲ್ಲ ಎಂದು ಅದರ ಅರ್ಥ. ಹಾಗಿರುವಾಗ ಸ್ವೀಕೃತಿ ಚೀಟಿಯನ್ನು ಒಪ್ಪಿಗೆ ಎಂದು ಯಾರೂ ತಿಳಿಯಬಾರದು.

ಹೊಸ ಪುಟ ಹಳೆಯದಕ್ಕಿಂತ ಉದ್ದವಾಯಿತು. ಚಿಕ್ಕದಾದಷ್ಟೂ ಸುಲಭ ಎಂಬ ನನ್ನ ಹಳೆಯ ನಂಬಿಕೆ ಅಲ್ಲಿಗೆ ಹೋಯಿತು. ಊರಿನವರಿಗೆ ಉದ್ದ ತೊಂದರೆಯಲ್ಲ. ಮೊದಲು ಯಾವುದು, ಆಮೇಲೆ ಯಾವುದು ಎಂಬುದು ತಪ್ಪಬಾರದು, ಅಷ್ಟೇ. ಅರ್ಜಿ ಮತ್ತು ಪೈಪಿನ ನಡುವೆ ಈಗ ಎರಡು ಹೆಜ್ಜೆಗಳಿವೆ: ಇಲಾಖೆಯವರು ಬಂದು ಜಮೀನು ನೋಡುತ್ತಾರೆ, ಆಮೇಲೆ ವರ್ಕ್ ಆರ್ಡರ್ ಕೊಡುತ್ತಾರೆ. ವರ್ಕ್ ಆರ್ಡರ್ ಎಂಬ ಪದವನ್ನು ಹಾಗೇ ಇಟ್ಟಿದ್ದೇನೆ, ಕಚೇರಿಯ ಮೇಜಿನ ಆಚೆಗೂ ಈಚೆಗೂ ಎಲ್ಲರೂ ಅನ್ನುವುದು ಅದನ್ನೇ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಈ ಕಾಗದ ಕೈಗೆ ಬರುವವರೆಗೆ ಅಂಗಡಿಗೆ ಮುಂಗಡವನ್ನೂ ಕೊಡಬೇಡಿ ಎಂದಿದೆ. ಪೈಪು ಹಾಕಿದ ಮೇಲೆ ಮತ್ತೆ ಬಂದು ನೋಡುತ್ತಾರೆ, ಆಮೇಲೆಯೇ ಹಣ ಎಂಬುದೂ ಇದೆ. ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇರುವವರು ಯಾವುದಕ್ಕೆ ಜೋಡಣೆಯಾಗಿದೆ ಎಂದು ಮೊದಲೇ ವಿಚಾರಿಸಿಕೊಳ್ಳದಿದ್ದರೆ, ಬಂದ ಹಣವನ್ನೇ ಬಂದಿಲ್ಲವೆಂದು ಅಲೆಯುತ್ತಾರೆ.

ಪುಟ ಕೊಟ್ಟ ಮೇಲೆ 'ಅರ್ಥ ಆಯ್ತಾ' ಎಂದು ಕೇಳುವುದನ್ನೂ ನಿಲ್ಲಿಸಿದೆ. ಓದಿದ ಹುಡುಗಿ ಕೇಳಿದರೆ ಹಿರಿಯರು ಆಯ್ತು ಅಂತಲೇ ಅನ್ನುತ್ತಾರೆ. ಅದರ ಬದಲು, ನಾಳೆ ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗ್ತೀರಿ, ಕೈಯಲ್ಲಿ ಏನೇನು ಹಿಡ್ಕೊಂಡು ಹೋಗ್ತೀರಿ ಎಂದು ಕೇಳುತ್ತೇನೆ. ಹೊಸ ಪುಟವನ್ನು ಮೊದಲು ಚಿಕ್ಕಮ್ಮನ ಕೈಗೆ ಕೊಟ್ಟು ಹೀಗೆ ಕೇಳಿದಾಗ ಅವರು, "ಅಂಗಡಿಗೆ ಹೋಗಿ ರೇಟು ಕೇಳ್ಕೊಂಡು ಬರ್ತೀನಿ" ಎಂದರು. ರೇಟು ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಮೊದಲು ಆಗಬೇಕಾದದ್ದು ಪಹಣಿ ನೋಡಿಕೊಳ್ಳುವುದಾಗಿತ್ತು. ಕಾಗದಗಳ ಪಟ್ಟಿಯನ್ನು ಪುಟದ ಕೊನೆಗೆ ಇಟ್ಟಿದ್ದರಿಂದ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಪಟ್ಟಿಯನ್ನು ಒಡೆದು, ಯಾವ ಹೆಜ್ಜೆಗೆ ಯಾವ ಕಾಗದವೋ ಅದನ್ನು ಅಲ್ಲಲ್ಲೇ ಬರೆದೆ.

ಪಹಣಿಯ ವಿಷಯ ನಮ್ಮ ಅತ್ತೆಯ ಮನೆಯಲ್ಲಿ ಗಟ್ಟಿಯಾಗಿ ಎದುರಾಯಿತು. ಅರ್ಜಿದಾರರ ಜಮೀನಿನ ವಿವರವನ್ನು ಫ್ರೂಟ್ಸ್ ತಂತ್ರಾಂಶದಲ್ಲಿ ತಾಳೆ ನೋಡಬೇಕೆಂದು ಸುತ್ತೋಲೆ ಅಧಿಕಾರಿಗಳಿಗೆ ಹೇಳುತ್ತದೆ. ಅದೇ ಪ್ರಶ್ನೆ ಹಾಕಿ ನೋಡಿದರೆ, ರೈತನಿಗೆ ಎಫ್‌ಐಡಿ ಸಂಖ್ಯೆ ಇರಬೇಕು, ಪೈಪು ಹಾಕುವ ಸರ್ವೆ ನಂಬರ್ ಅದರೊಳಗೆ ಸೇರಿರಬೇಕು, ಪಹಣಿಯ ಒಂಬತ್ತನೇ ಕಾಲಂನಲ್ಲಿ ಅವರ ಹೆಸರೇ ಇರಬೇಕು. ಅತ್ತೆಯ ಪಹಣಿಯ ಒಂಬತ್ತನೇ ಕಾಲಂನಲ್ಲಿ ಇನ್ನೂ ತೀರಿಹೋದ ಮಾವನ ಹೆಸರೇ ಇದೆ. ಉತ್ತು ಬಿತ್ತಿ ಕಂದಾಯ ಕಟ್ಟುತ್ತಿರುವವರು ಅತ್ತೆ, ಆದರೆ ಕಾಗದದಲ್ಲಿ ಅವರಿಲ್ಲ. ಹಳೆಯ ಪುಟವನ್ನು ಕೊಟ್ಟಿದ್ದರೆ ಅವರು ನೇರವಾಗಿ ತೋಟಗಾರಿಕೆ ಕಚೇರಿಗೆ ಹೋಗಿ, ವಾಪಸು ಬಂದು, ಇದೆಲ್ಲ ನಮ್ಮಂಥವರಿಗಲ್ಲ ಎಂದು ಕೈಬಿಡುತ್ತಿದ್ದರು. ಅವರಿಗೆ ಬರೆದ ಪುಟ ಬೇರೆಯೇ ಕಡೆಯಿಂದ ಶುರುವಾಗುತ್ತದೆ: ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಡಕಚೇರಿ, ಪೌತಿ ಖಾತೆ. ಪೌತಿ ಖಾತೆ ಆಗಿ ಹೆಸರು ಪಹಣಿಗೆ ಬಂದ ಮೇಲೆ ಎಫ್‌ಐಡಿ, ಅದಾದ ಮೇಲೆಯೇ ಹನಿ ನೀರಾವರಿಯ ಅರ್ಜಿ. ಇಷ್ಟೆಲ್ಲ ಈ ವರ್ಷದೊಳಗೆ ಆಗುವುದು ಕಷ್ಟ. ಅದನ್ನು ಅತ್ತೆಯ ಪುಟದ ಮೊದಲ ಸಾಲಿನಲ್ಲೇ ಬರೆದಿದ್ದೇನೆ.