‘ಅಂತೆ’ ಉಳಿಸಿಕೊಳ್ಳುವ ಕೆಲಸ

ಹಳ್ಳಿಯ ಸರ್ವೆ ಮುಗಿಸಿ ಬಸ್ಸಿಗೆ ಕಾಯುತ್ತ ನಿಂತ ಸಂಶೋಧಕರು ಫೋನಿಗೆ ಹೇಳಿಕೊಳ್ಳುವ ಮಾತಿಗೆ ಕ್ರಮವಿರುವುದಿಲ್ಲ. ನೆನಪಾದದ್ದು ಮೊದಲು ಬರುತ್ತದೆ. ಹದಿನಾಲ್ಕನೇ ಮನೆಯ ಈರುಳ್ಳಿಯ ಮಾತಿನ ನಡುವೆ ಹನ್ನೊಂದನೇ ಮನೆಯವರು ಎಮ್ಮೆ ಮಾರಿದ ಸುದ್ದಿ ನುಗ್ಗುತ್ತದೆ. ತುರುವನೂರಿನಲ್ಲಿ 40 ಮನೆಗಳ ಸರ್ವೆ ಮಾಡುತ್ತಿದ್ದ ಒಬ್ಬ ಪಿಎಚ್.ಡಿ. ವಿದ್ಯಾರ್ಥಿನಿಯ ಇಂಥ ಧ್ವನಿಟಿಪ್ಪಣಿಗಳನ್ನು ಕೇಳಿ, ಬರೆದು, ಮನೆವಾರು ಮತ್ತು ವಿಷಯವಾರು ಜೋಡಿಸಿಕೊಡುವ ಕೆಲಸ ಕೆಲವು ತಿಂಗಳು ನನ್ನದಾಗಿತ್ತು. ನನ್ನ ಮಾತೂ ಚಿತ್ರದುರ್ಗದ ಕಡೆಯದೇ ಆದ್ದರಿಂದ ಕೆಲಸ ಸಿಕ್ಕಿತ್ತು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

ಒಂದು ಟಿಪ್ಪಣಿಯನ್ನೇ ತೆಗೆದುಕೊಳ್ಳೋಣ. ಆರು ನಿಮಿಷದ್ದು. ಅಕ್ಕನ ಮಾತು ಹೆಚ್ಚುಕಡಿಮೆ ಹೀಗಿತ್ತು: “ಹದಿನಾಲ್ಕನೇ ಮನೆ. ಎರಡು ಎಕರೆ ಈರುಳ್ಳಿ. ಬೋರ್ ಮೂರು ಹಾಕ್ಸಿದಾರಂತೆ, ಎರಡು ಫೇಲು. ಹೊಲದ ಹತ್ರ ಒಂದು ಕೇಸಿಂಗ್ ಪೈಪ್ ನೋಡಿದೆ. ತಮ್ಮನ ಒಲೆ ಬೇರೆ. ಹಾಂ, ಹನ್ನೊಂದನೇ ಮನೆಯವರು ಎಮ್ಮೆ ಮಾರಿದಾರೆ, ಹೇಳೋದು ಮರೆತೆ. ಹದಿನಾಲ್ಕರಲ್ಲಿ ಆ ಅಮ್ಮ ಹೊರಡೋವಾಗ ಹೇಳಿದ್ರು, ಓಲೆ ಒತ್ತೆ ಇಟ್ಟು ಮಗಳ ಫೀಸು ಕಟ್ಟಿದಾರಂತೆ. ಮನೆಯವರಿಗೆ ಗೊತ್ತಿಲ್ಲ. ಮಗಳನ್ನ ಮುಂದಿನ ವರ್ಷ ಓದು ಬಿಡಿಸಬಹುದು.”

ಇದನ್ನು ಕೇಳಿದವರಿಗೆ ಮೊದಲು ಬರುವ ಆಸೆ, ಚೊಕ್ಕಟವಾದ ಬರಹದ ಕನ್ನಡಕ್ಕೆ ತಿರುಗಿಸುವುದು: ‘ಈ ಕುಟುಂಬ ಮೂರು ಕೊಳವೆಬಾವಿ ಕೊರೆಸಿದೆ, ಎರಡು ವಿಫಲವಾಗಿವೆ.’ ಓದಲು ಚೆನ್ನಾಗಿದೆ. ಆದರೆ ‘ಹಾಕ್ಸಿದಾರಂತೆ’ಯಲ್ಲಿದ್ದ ‘ಅಂತೆ’ ಎಲ್ಲಿ ಹೋಯಿತು? ಅಕ್ಕ ಬೋರ್‌ಗಳನ್ನು ಎಣಿಸಿಲ್ಲ, ಯಜಮಾನರು ಹೇಳಿದ್ದನ್ನು ಕೇಳಿದ್ದಾರೆ. ಕಣ್ಣಾರೆ ಕಂಡದ್ದು ಒಂದು ಕೇಸಿಂಗ್ ಪೈಪ್ ಮಾತ್ರ. ಕೊನೆಯ ‘ಬಿಡಿಸಬಹುದು’ ಯಾರೂ ಹೇಳಿದ್ದಲ್ಲ, ಅಕ್ಕನ ಊಹೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನೂ ನಮ್ಮ ಭಾಷೆ ಕ್ರಿಯಾಪದದ ಬಾಲದಲ್ಲೇ ಕಟ್ಟಿಟ್ಟಿರುತ್ತದೆ. ಬಾಲ ಕತ್ತರಿಸಿದರೆ ಮೂರೂ ಒಂದೇ ತೂಕದ ಸತ್ಯವಾಗಿಬಿಡುತ್ತವೆ, ಆರು ತಿಂಗಳ ನಂತರ ಪ್ರಬಂಧ ಬರೆಯುವಾಗ ಅಕ್ಕನಿಗೇ ಬೇರ್ಪಡಿಸಲು ಬರುವುದಿಲ್ಲ.

ಹಾಗಾಗಿ ಮೊದಲ ಹಂತದಲ್ಲಿ ನಾನು ಏನನ್ನೂ ತಿದ್ದುತ್ತಿರಲಿಲ್ಲ. ಆಡಿದ್ದು ಆಡಿದ ಹಾಗೆ, ನಿಮಿಷ ಸೆಕೆಂಡಿನ ಗುರುತಿನೊಂದಿಗೆ. ಬಸ್ ನಿಲ್ದಾಣದ ಗಾಳಿಯಲ್ಲಿ ‘ಮೂರು’ ಮತ್ತು ‘ಆರು’ ಒಂದೇ ಥರ ಕೇಳಿಸುತ್ತವೆ, ‘ಒಲೆ’ ಮತ್ತು ‘ಓಲೆ’ಯೂ ಅಷ್ಟೇ. ಒಲೆ, ಓಲೆಯ ತೊಡಕನ್ನು ಪಕ್ಕದ ಪದ ಬಿಡಿಸುತ್ತದೆ. ಬೇರೆಯಾಗುವುದು ಒಲೆ, ಒತ್ತೆಗೆ ಹೋಗುವುದು ಓಲೆ. ಅಂಕಿಗೆ ಆ ಅನುಕೂಲವಿಲ್ಲ. ಅದನ್ನು ಅದೇ ದಿನದ ಪ್ರಶ್ನಾವಳಿಯ ಹಾಳೆಯ ಜೊತೆ ತಾಳೆ ನೋಡಬೇಕು, ಅಲ್ಲೂ ಇಲ್ಲದಿದ್ದರೆ ಎರಡು ದಿನದೊಳಗೆ ಅಕ್ಕನಿಗೆ ಫೋನ್ ಮಾಡಬೇಕು. ತಡವಾದರೆ ಅವರು ಉತ್ತರವನ್ನೇನೋ ಕೊಡುತ್ತಾರೆ, ಆದರೆ ಅದು ನೆನಪೋ ಅಂದಾಜೋ ಎಂದು ಅವರಿಗೂ ತಿಳಿದಿರುವುದಿಲ್ಲ.

ಎರಡನೇ ಹಂತ ತುಂಡು ಮಾಡುವುದು. ಒಂದು ಮನೆಯ ಬಗ್ಗೆ, ಒಬ್ಬರ ಬಾಯಿಂದ ಬಂದ, ಒಂದು ಸಂಗತಿ ಒಂದು ತುಂಡು. ಮೇಲಿನ ಟಿಪ್ಪಣಿ ಏಳು ತುಂಡಾಯಿತು. ಎಕ್ಸೆಲ್ ಹಾಳೆಯಲ್ಲಿ ಪ್ರತಿ ತುಂಡಿಗೂ ಒಂದು ಸಾಲು: ಧ್ವನಿಕಡತದ ಹೆಸರು, ಸಮಯ, ಮನೆಯ ಸಂಖ್ಯೆ, ಯಾರ ಮಾತು, ಕಂಡದ್ದೋ ಕೇಳಿದ್ದೋ ಊಹೆಯೋ, ವಿಷಯ, ಕೊನೆಗೆ ಮೂಲದ ಮಾತು. ಎಮ್ಮೆ ಈಗ ತಾನಾಗಿ ಹನ್ನೊಂದನೇ ಮನೆಗೆ ಹೋಗುತ್ತದೆ. ಮನೆವಾರು ಕಡತ, ವಿಷಯವಾರು ಕಡತ ಎಂದು ಎರಡು ಕಡೆ ನಕಲು ಮಾಡುವ ಅಗತ್ಯವಿಲ್ಲ. ಅದೇ ಹಾಳೆಯನ್ನು ಮನೆಯ ಸಂಖ್ಯೆಯಿಂದ ಸೋಸಿದರೆ ಹದಿನಾಲ್ಕನೇ ಮನೆಯ ಕಥೆ ಬರುತ್ತದೆ, ‘ಸಾಲ’ ಎಂದು ಸೋಸಿದರೆ ಊರಿನ ಸಾಲವೆಲ್ಲ ಒಟ್ಟಿಗೆ ಬರುತ್ತದೆ. ಎರಡೂ ಬೇಕು. ಸಾಲದ ಪಟ್ಟಿಯಲ್ಲಿ ಓಲೆ ಒಂದು ಒತ್ತೆ ಮಾತ್ರ. ಬೋರ್ ಬತ್ತಿದ್ದು, ಈರುಳ್ಳಿ ಎರಡೇ ಎಕರೆಗೆ ಇಳಿದದ್ದು, ಮಗಳ ಫೀಸು, ಇವುಗಳ ಜೊತೆ ಅದನ್ನು ಇಟ್ಟು ನೋಡಲು ಮನೆಯ ಕಡತವೇ ಬೇಕು.

ವಿಷಯಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು ಕೂರಬಾರದು. ಹತ್ತು ಟಿಪ್ಪಣಿ ಕೇಳಿದ ಮೇಲೆ ನೀರು, ಬೆಳೆ, ಸಾಲ, ಓದು, ಕೂಲಿ, ಗುಳೆ ಎಂಬ ಹೆಸರುಗಳು ಮೂಡಿದವು. ಪಟ್ಟಿ ಕೆಟ್ಟಿದೆ ಎಂದು ತಿಳಿಯುವುದು ‘ಇತರೆ’ ದಪ್ಪಗಾದಾಗ. ನಮ್ಮ ‘ಇತರೆ’ ಊದಿಕೊಂಡದ್ದು ಈಚಲು ಮರದಿಂದ. 1939ರಲ್ಲಿ ಹೆಂಡದ ವಿರುದ್ಧ ಈಚಲು ಮರ ಕಡಿದು ನಡೆಸಿದ ಸತ್ಯಾಗ್ರಹಕ್ಕೆ ತುರುವನೂರು ಹೆಸರಾದದ್ದು. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತು ಅಲ್ಲಿಗೆ ಹೊರಳುತ್ತಿತ್ತು, ‘ನಮ್ಮಜ್ಜನೂ ಹೋಗಿದ್ನಂತೆ’ ಎಂದು. ಅಲ್ಲೂ ಅದೇ ‘ಅಂತೆ’! ಇದು ಆ ಮನೆಯ ಸಂಗತಿಯೋ ಊರಿನದೋ? ಕೊನೆಗೆ ಊರಿಗೇ ಒಂದು ಮನೆ ಸಂಖ್ಯೆ ಕೊಟ್ಟೆವು, ಸೊನ್ನೆ. ಯಾವ ಒಂದು ಮನೆಗೂ ಸೇರದ ಮಾತಿಗೆ ಅದು ನೆಲೆಯಾಯಿತು.

ಮನೆ ಎಂಬುದೂ ಅಷ್ಟು ಸುಲಭವಲ್ಲ. ಜನಗಣತಿಯವರ ಲೆಕ್ಕದಲ್ಲಿ ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಹದಿನಾಲ್ಕರಲ್ಲಿ ಬಾಗಿಲು ಒಂದು, ಒಲೆ ಎರಡು. ಆದ್ದರಿಂದ ತಮ್ಮನದು 14ಬಿ ಆಯಿತು. ಬೋರ್ ಮಾತ್ರ ಇಬ್ಬರದೂ, ಆ ಸಾಲಿಗೆ ಎರಡು ಸಂಖ್ಯೆ ಹಾಕಬೇಕಾಯಿತು. ಇಲ್ಲವಾದರೆ ಊರಿನ ಬೋರ್ ಎಣಿಸುವಾಗ ಮೂರು ಆರಾಗುತ್ತಿತ್ತು.

ಜೋಡಿಸಿದ ಹಾಳೆಯ ಜೊತೆ ಮೂಲ ಧ್ವನಿಯನ್ನೂ ಬೇರೆ ಬೇರೆ ಜಾಗದಲ್ಲಿ ಇಡಬೇಕು. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿದ್ದು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ ಮೂರು ಪ್ರತಿ ಮಾಡಿಕೊಂಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟಾಗ ಮೂರೂ ಸುಟ್ಟವು, ಮೂರೂ ಒಂದೇ ಕಡೆ ಇದ್ದವು. ಅವರು ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ದೊಡ್ಡ ಪುಸ್ತಕವೇ. ಆದರೆ ಹತ್ತಾರು ವರ್ಷದ ನೆನಪಿನಲ್ಲಿ ಒಂದು ಮಾತು ಯಾರ ಬಾಯಿಂದ, ಯಾರ ಎದುರಿಗೆ ಬಂತೆಂಬುದು ಎಲ್ಲ ಕಡೆ ಉಳಿದೀತೇ?

ಆ ‘ಯಾರ ಎದುರಿಗೆ’ ಎಂಬುದಕ್ಕೆ ನಮ್ಮ ಹಾಳೆಯಲ್ಲಿ ಮೊದಲು ಕಲಂ ಇರಲಿಲ್ಲ. ಎರಡನೇ ಸುತ್ತಿನ ಭೇಟಿಗೆ ಪ್ರತಿ ಮನೆಯದೂ ಒಂದು ಪುಟ ಪ್ರಿಂಟ್ ಮಾಡಿ ಒಯ್ಯುವುದೆಂದು ಅಕ್ಕ ಹೇಳಿದಾಗ ಅದು ಬೇಕಾಯಿತು. ಹಿಂದಿನ ಬಾರಿ ಹೇಳಿದ್ದನ್ನು ಓದಿ, ‘ಇದು ಸರೀನಾ?’ ಎಂದು ಜಗಲಿಯಲ್ಲಿ ಕೂತು ಕೇಳುವುದು ಕ್ರಮ. ಎದುರಿಗೆ ಕೂರುವವರು ಹೆಚ್ಚಾಗಿ ಯಜಮಾನರು, ಪುಟ ಅವರ ಕೈಗೂ ಹೋಗಬಹುದು. ಹದಿನಾಲ್ಕನೇ ಮನೆಯ ಪುಟದಲ್ಲಿ ಓಲೆಯ ಸಾಲು ಇದ್ದರೆ ಏನಾದೀತು? ಕಡತದಲ್ಲಿ ‘ಮನೆ’ ಒಂದು ಸಂಖ್ಯೆ, ಅದರೊಳಗೆ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

‘ಎದುರಿಗಿದ್ದವರು’ ಎಂಬ ಕಲಂ ಸೇರಿಸಿ, ಇಡೀ ಹಾಳೆಯನ್ನು ಮೊದಲಿನಿಂದ ಕೇಳಿ ತುಂಬಿದೆ. ಒಬ್ಬರೇ ಇದ್ದಾಗ ಹೇಳಿದ ಯಾವ ಮಾತೂ ಮನೆಯ ಪುಟಕ್ಕೆ ಬಾರದಂತೆ ಸೋಸಿ ನಲವತ್ತು ಪುಟಗಳನ್ನು ಪ್ರಿಂಟ್ ಮಾಡಿದೆವು. ಹದಿನಾಲ್ಕನೆಯದರಲ್ಲಿ ಈರುಳ್ಳಿ ಇತ್ತು, ಬೋರ್ ಇತ್ತು. ಓಲೆಯ ಸಾಲು ವಿಷಯವಾರು ಕಡತದಲ್ಲಿ ‘ಸಾಲ’ದ ಕೆಳಗೆ ಉಳಿಯಿತು, ಬರೀ ಸಂಖ್ಯೆಯ ಜೊತೆ. ಆ ಸಂಖ್ಯೆ ಯಾವ ಮನೆಯದೆಂದು ತಿಳಿಸುವ ಪಟ್ಟಿ ಕಂಪ್ಯೂಟರಿನಲ್ಲಿರಲಿಲ್ಲ. ಅದು ಅಕ್ಕನ ಬೀರುವಿನಲ್ಲಿ ಒಂದು ನೋಟುಬುಕ್ಕಿನೊಳಗಿತ್ತು, ನಾನು ನೋಡಿಲ್ಲ.