ಬೆನ್ನು ಬಿಡದ ಕೆಂಪು ಕಾರು

ಭಾನುವಾರ. ಅಕ್ಕನ ಮಗ ಫೋನಿನಲ್ಲಿ ಕಾರ್ ರೇಸ್ ಆಡುತ್ತಿದ್ದ. ಎರಡು ಲ್ಯಾಪ್ ಒಂದೂ ತಪ್ಪಿಲ್ಲದೆ ಓಡಿಸಿದ. ಕೊನೆಯ ತಿರುವಿನಲ್ಲಿ ಚಕ್ರ ಒಂಚೂರು ಹುಲ್ಲಿಗೆ ಇಳಿಯಿತು, ಅಷ್ಟೇ. ಎಲ್ಲಿತ್ತೋ ಏನೋ, ಒಂದು ಕೆಂಪು ಕಾರು ಸುಂಯ್ ಅಂತ ಮುಂದೆ ಹೋಯಿತು. "ಮಾವ, ಇದು ಕಳ್ಳಾಟ" ಎಂದು ಫೋನನ್ನು ದಿಂಬಿನ ಮೇಲೆ ಎಸೆದ. ಸೋತವರೆಲ್ಲ ಹಾಗೇ ಅನ್ನುತ್ತಾರೆ ಅಂದುಕೊಂಡೆ.

ಸೋಮವಾರ. ಅನುಮಾನ ಹೋಗಲಿಲ್ಲ. ಅವನ ಕೈಗೆ ಫೋನು ಕೊಟ್ಟು ನಾನು ಪೆನ್ನು ಹಿಡಿದು ಕೂತೆ. ಚೆನ್ನಾಗಿ ಓಡಿಸಿದಾಗ ಅವನ ಲ್ಯಾಪ್ 62 ಸೆಕೆಂಡು, ಕೆಂಪು ಕಾರಿನದು 63. ಬೇಕೆಂದೇ ನಿಧಾನವಾಗಿ ಓಡಿಸು ಎಂದೆ. ಅವನದು 75, ಕೆಂಪು ಕಾರಿನದು 74! ಅದೇ ಟ್ರ್ಯಾಕ್, ಅದೇ ಕಾರು. ಹುಡುಗ ಜಾಣನಾದರೆ ಅದೂ ಜಾಣ, ಹುಡುಗ ದಡ್ಡನಾದರೆ ಅದೂ ದಡ್ಡ. ಸೋತ ಸಿಟ್ಟಿನ ಮಾತಲ್ಲ, ಹುಡುಗ ಹೇಳಿದ್ದು ನಿಜ.

ಬುಧವಾರ. ಸಣ್ಣಪುಟ್ಟ ಗೇಮ್ ಬರೆಯುವ ಗೆಳೆಯನಿಗೆ ತೋರಿಸಿದೆ. ನಕ್ಕ. ಇದಕ್ಕೆ ರಬ್ಬರ್ ಬ್ಯಾಂಡಿಂಗ್ ಅನ್ನುತ್ತಾರಂತೆ. ನಿನ್ನ ಕಾರಿಗೂ ಎದುರಾಳಿ ಕಾರಿಗೂ ನಡುವೆ ಕಾಣದ ರಬ್ಬರ್ ಬ್ಯಾಂಡು. ಎಷ್ಟು ದೂರ ಹೋದರೆ ಅಷ್ಟು ಬಿಗಿಯಾಗಿ ಎಳೆಯುತ್ತದೆ. 1996ರ ಮಾರಿಯೋ ಕಾರ್ಟ್ 64 ಆಡಿದವರೂ ಇದೇ ಗೊಣಗಿದ್ದಾರೆ. ತನ್ನದೇ ಹಳೆಯ ಗೇಮಿನ ಸಾಲೊಂದನ್ನು ತೆರೆದು ತೋರಿಸಿದ:

```
speed = base * (1 + gap / 200)
```

`gap` ಅಂದರೆ ನಾನು ಎಷ್ಟು ಮೀಟರ್ ಮುಂದಿದ್ದೇನೆ ಎಂಬ ಲೆಕ್ಕ. ಇಬ್ಬರ ಸಹಜ ವೇಗವೂ ಸೆಕೆಂಡಿಗೆ 40 ಮೀಟರ್ ಅನ್ನೋಣ, ಗಂಟೆಗೆ 144 ಕಿ.ಮೀ. ನಾನು 100 ಮೀಟರ್ ಮುಂದೆ ಹೋದೆನೋ, ಹಿಂದಿನವನು 216ರಲ್ಲಿ ಬರುತ್ತಾನೆ. ಮೂರೂವರೆ ಸೆಕೆಂಡಿನಲ್ಲಿ ನನ್ನ ಮುನ್ನಡೆ 50 ಮೀಟರಿಗೆ ಇಳಿಯುತ್ತದೆ, ಇನ್ನು ಮೂರೂವರೆಗೆ 25ಕ್ಕೆ. ಎರಡು ಲ್ಯಾಪ್ ಬೆವರು ಸುರಿಸಿ ಕೂಡಿಟ್ಟದ್ದೆಲ್ಲ ಗಾಳಿಗೆ. ಸೋಲು ಗೆಲುವು ಕೊನೆಯ ತಿರುವೊಂದರ ಮೇಲೆಯೇ ನಿಲ್ಲುತ್ತದೆ. ಇದನ್ನು ಕಂಡುಕೊಂಡ ಮಕ್ಕಳು ಮೊದಲೆರಡು ಲ್ಯಾಪ್ ಆರಾಮವಾಗಿ ಹಿಂದೆಯೇ ಇದ್ದು ಕೊನೆಯಲ್ಲಿ ಮಾತ್ರ ಆಡುತ್ತಾರಂತೆ. ಅವರದೇನು ತಪ್ಪು?

ಹಾಗಾದರೆ ಕಿತ್ತು ಹಾಕು ಎಂದೆ. ಹಾಕಿದ. ಅರ್ಧ ನಿಮಿಷದಲ್ಲಿ ನಾನು ಒಬ್ಬಂಟಿ, ಹಿಂದೆ ಮುಂದೆ ಯಾರೂ ಇಲ್ಲದ ಖಾಲಿ ರಸ್ತೆ. ಆಕಳಿಕೆ ಬಂತು. ಅಂದರೆ ಎಳೆತ ಬೇಕು, ಆದರೆ ಅದು ಕಣ್ಣಿಗೆ ಬೀಳಬಾರದು.

ಶನಿವಾರ. ಇಡೀ ಮಧ್ಯಾಹ್ನ ಇದರಲ್ಲೇ ಕಳೆಯಿತು. ಕೊನೆಗೆ ನಿಂತದ್ದು ಇಲ್ಲಿ:

```
k = clamp((gap - 40) / 160, 0, 1)
speed = base * (1 + 0.04 * k)
```

ಮೊದಲ 40 ಮೀಟರ್‌ವರೆಗೆ ಯಾರೂ ಯಾರನ್ನೂ ಎಳೆಯುವುದಿಲ್ಲ. ಅಲ್ಲಿ ನಡೆಯುವುದು ನಿಜವಾದ ಜಗಳ. ಆಮೇಲೆ ನಿಧಾನವಾಗಿ ಏರಿ, 200 ಮೀಟರಿಗೆ ಶೇಕಡ 4 ತಲುಪಿ ಅಲ್ಲೇ ನಿಲ್ಲುತ್ತದೆ. 200 ಮೀಟರ್ ಮುಂದಿದ್ದವನು ಒಂದು ನಿಮಿಷ ಸಹಜ ವೇಗದಲ್ಲೇ ಓಡಿದರೆ ಕಳೆದುಕೊಳ್ಳುವುದು ಸುಮಾರು 72 ಮೀಟರ್. ಉಳಿದ 128 ಅವನದೇ. ಒಂದು ಸಣ್ಣ ತಪ್ಪಿಗೆ ಇಷ್ಟು ಸಾಕು, ಎರಡು ದೊಡ್ಡ ತಪ್ಪಿಗೆ ಸಾಲದು. ನನಗೆ ಇದು ನ್ಯಾಯ ಅನ್ನಿಸಿತು.

ಆದರೂ ಹುಡುಗನ ಮುಖ ಅರಳಲಿಲ್ಲ. "ನೇರ ರಸ್ತೇಲಿ ನನ್ನ ಥರದ್ದೇ ಕಾರು ನನ್ನ ದಾಟಿ ಹೇಗೆ ಹೋಗತ್ತೆ?" ಗೆಳೆಯ ತಲೆ ಕೆರೆದುಕೊಂಡ. ಸಂಖ್ಯೆ ಸರಿಯಿತ್ತು, ಸೇರಿಸಿದ ಜಾಗ ತಪ್ಪಾಗಿತ್ತು. ಎಂಜಿನ್ನಿನ ವೇಗವನ್ನು ಹಾಗೇ ಬಿಟ್ಟು, ಆ `k` ಅನ್ನು ತಿರುವುಗಳಿಗೆ ಕೊಟ್ಟ: ಹಿಂದುಳಿದ ಕಾರು ಬ್ರೇಕನ್ನು ಕೊಂಚ ತಡವಾಗಿ ಒತ್ತುತ್ತದೆ, ತಿರುವಿನೊಳಗೆ ಕೊಂಚ ಹೆಚ್ಚು ವೇಗ ಉಳಿಸಿಕೊಳ್ಳುತ್ತದೆ. ಮುಂದೆ ಹೋದ ಕಾರಿಗೆ ಅದೇ ಲೆಕ್ಕವನ್ನು ತಿರುಗಿಸಿ ಹಾಕಿದ: ಅದು ಬೇಗ ಬ್ರೇಕ್ ಒತ್ತುತ್ತದೆ, ಆಗೀಗ ತಿರುವಿನಲ್ಲಿ ಆಚೆಗೆ ಜಾರುತ್ತದೆ. ಹೊಸ ಉಪಾಯವೇನಲ್ಲ. 2008ರ 'ಪ್ಯೂರ್' ಎಂಬ ನಾಲ್ಕು ಚಕ್ರದ ಬೈಕಿನ ಗೇಮಿನಲ್ಲೂ ಬರೀ ವೇಗ ಏರಿಸದೆ ಎದುರಾಳಿಯ ಕೌಶಲವನ್ನೇ ಹೆಚ್ಚು ಕಡಿಮೆ ಮಾಡಿದ್ದರು.

ಇದಕ್ಕೂ ಮಿತಿಯಿದೆ. ತಿರುವು ಕಡಿಮೆಯಿರುವ ಟ್ರ್ಯಾಕಿನಲ್ಲಿ ಎಳೆತ ಕೆಲಸವೇ ಮಾಡುವುದಿಲ್ಲ. ಟೈರಿನ ಹಿಡಿತದ ತುದಿಯಲ್ಲೇ ಓಡುತ್ತಿರುವ ಕಾರಿಗೆ ಇನ್ನೂ ತಡವಾಗಿ ಬ್ರೇಕ್ ಒತ್ತಲು ಹೇಳಿದರೆ ಅದು ನೆಟ್ಟಗೆ ತಡೆಗೋಡೆಗೇ. ನಮ್ಮದು ಎರಡು ಸಲ ಹೋಯಿತು. ಹಾಗಾಗಿ ಎದುರಾಳಿಯ ಸಹಜ ಓಟವನ್ನೇ ಒಂದು ಹಿಡಿ ಕೆಳಗಿಟ್ಟು, ಏರಲು ಜಾಗ ಬಿಡಬೇಕಾಯಿತು.

ರಾತ್ರಿ. ಅದೇ ಪೆನ್ನು, ಅದೇ ಪರೀಕ್ಷೆ, ಗೆಳೆಯನ ಗೇಮಿನಲ್ಲಿ. ಹುಡುಗ 60ರಲ್ಲಿ ಮುಗಿಸಿದಾಗ ಎದುರಾಳಿ 62. ಹುಡುಗ 75 ತೆಗೆದುಕೊಂಡಾಗ ಎದುರಾಳಿ 65. ನಿಮ್ಮ ಮನೆಯ ಫೋನಿನಲ್ಲೂ ಹೀಗೆ ಒಮ್ಮೆ ಅಳೆದು ನೋಡಿ: ನಿಮ್ಮ ಲ್ಯಾಪ್ ಹದಿಮೂರು ಸೆಕೆಂಡು ಜಾರಿದಾಗ ಅವರದೂ ಹತ್ತು ಹನ್ನೊಂದು ಜಾರಿದರೆ, ಮಕ್ಕಳ ದೂರನ್ನು ನಂಬಿ.